ನನ್ನನ್ನು ಹೊರಗಿಟ್ಟ ಸಾಲು

ತಳೋಜದ ಕೆಮಿಕಲ್ ಫ್ಯಾಕ್ಟರಿ ಬಾಗಿಲು ಹಾಕಿದಾಗ ನನಗೆ ನಲವತ್ತೇಳು. ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸ್ಯಾಂಪಲ್ ಪರೀಕ್ಷೆ ಮಾಡಿದವನಿಗೆ ನೌಕರಿ ಹುಡುಕುವುದು ಮಾತ್ರ ಗೊತ್ತಿರಲಿಲ್ಲ. ಜಾಬ್ ಪೋರ್ಟಲ್‌ನಲ್ಲಿ ಪ್ರೊಫೈಲ್ ಹಾಕಿ ನಾಲ್ಕು ತಿಂಗಳು ಕೂತೆ. ಫೋನ್ ಬಂದದ್ದು ಲೋನ್ ಬೇಕಾ ಎಂದು ಕೇಳುವವರದು ಮಾತ್ರ. ಮಗಳ ಹನ್ನೆರಡನೇ ಕ್ಲಾಸು ನಡೆದಿತ್ತು.

ಠಾಕುರ್ಲಿಯ ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿ ವಿಜಯಪುರದ ಕಡೆಯವರ ಮಗಳೊಬ್ಬಳಿದ್ದಳು. ಬೇಲಾಪುರದ ಒಂದು ಕನ್ಸಲ್ಟೆನ್ಸಿಯಲ್ಲಿ ಕಂಪನಿಗಳಿಗೆ ಜನ ಹುಡುಕಿಕೊಡುವ ರಿಕ್ರೂಟರ್. ಹೆಂಡತಿಯ ಕಾಟಕ್ಕೆ ಒಂದು ಶನಿವಾರ ಆ ಹುಡುಗಿಯ ಆಫೀಸಿಗೆ ಹೋದೆ. ಮೊನ್ನೆ ಮೊನ್ನೆಯ ಹುಡುಗಿ ನನಗೇನು ಹೇಳಿಕೊಡುತ್ತಾಳೆ ಎಂಬ ಗತ್ತು ಒಳಗೇ ಇತ್ತು.

ಅವಳು ನನ್ನ ಪ್ರೊಫೈಲ್ ತೆರೆದಳು. ಮೇಲಿನ ಸಾಲಿನಲ್ಲಿ ‘ಪ್ರಾಮಾಣಿಕ, ಶ್ರಮಜೀವಿ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ಹುದ್ದೆ: ‘ಬಿ ಶೆಡ್ ಇನ್‌ಚಾರ್ಜ್’.

“ಕಾಕಾ, ಶ್ರಮಜೀವಿ ಅಂತ ಯಾರ್ರೀ ಟೈಪ್ ಮಾಡಿ ಹುಡುಕ್ತಾರ? ಬಿ ಶೆಡ್ ನಿಮ್ಮ ಕಂಪನಿಯವರಿಗಷ್ಟ ಗೊತ್ತು. ನೀವು ಮಾಡಿದ್ದು ಕ್ವಾಲಿಟಿ ಕಂಟ್ರೋಲ್ ಹೌದಲ್ಲ? ಮತ್ತ ಆ ಮಾತೇ ಇಲ್ಲಲ್ರೀ ಇದರಾಗ!”

ರಿಕ್ರೂಟರ್‌ಗಳು ಪೋರ್ಟಲ್‌ನಲ್ಲಿ ಹೇಗೆ ಹುಡುಕುತ್ತಾರೆಂದು ಅವಳೇ ತೋರಿಸಿದಳು. ‘ಕ್ವಾಲಿಟಿ ಕಂಟ್ರೋಲ್’ ಉದ್ಧರಣ ಚಿಹ್ನೆಯೊಳಗೆ, ಅಂದರೆ ಎರಡೂ ಪದ ಜೊತೆಯಾಗಿಯೇ ಇರಬೇಕು. ಆಮೇಲೆ ‘ಆರ್’, ಅಂದರೆ ಅಥವಾ, ಹಾಕಿ ‘ಕ್ಯೂಸಿ ಕೆಮಿಸ್ಟ್’, ಯಾವುದಿದ್ದರೂ ನಡೆಯುತ್ತದೆ. ಈ ಎರಡನ್ನೂ ಕಂಸದೊಳಗಿಟ್ಟು ‘ಆಂಡ್’ ಹಾಕಿ ‘ಟೈಟ್ರೇಷನ್’, ನಾನು ದಿನವೂ ಮಾಡುತ್ತಿದ್ದ ಪರೀಕ್ಷೆ, ಅದೂ ಇರಲೇಬೇಕು. ಪಕ್ಕದಲ್ಲಿ ಊರು, ಅನುಭವ, ಹದಿನೈದು ದಿನದೊಳಗೆ ಪ್ರೊಫೈಲ್ ಮುಟ್ಟಿದವರು ಎಂಬ ಫಿಲ್ಟರ್‌ಗಳು. ನಾನು ನಾಲ್ಕು ತಿಂಗಳಿಂದ ಮುಟ್ಟಿರಲಿಲ್ಲ.

‘ಕ್ಯೂಸಿ ಕೆಮಿಸ್ಟ್’ ಎಂಬ ಹುದ್ದೆಯನ್ನು ಮೇಲಿನ ಸಾಲಿಗೆ ತಂದಳು, ಕೆಲಸದ ಪದಗಳನ್ನು ಸ್ಕಿಲ್ ಪಟ್ಟಿಯಲ್ಲೂ ಅನುಭವದ ವಿವರದಲ್ಲೂ ಹಾಕಿಸಿದಳು. ಎಚ್‌ಪಿಎಲ್‌ಸಿ ಮಷಿನ್ ಹೆಸರೂ ಇರಲಿ ಎಂದೆ.

“ನಡಸೀರೇನು ಅದನ್ನ?”

“ನೋಡೀನಿ.”

“ಹಂಗಾದ್ರ ಬ್ಯಾಡ. ಲಿಸ್ಟಿನಾಗ ಬರ್ತೀರಿ, ಇಂಟರ್‌ವ್ಯೂದಾಗ ಎರಡನೇ ಪ್ರಶ್ನೆಗೆ ಸಿಕ್ಕೊಂಡ ಬೀಳ್ತೀರಿ.”

ನನ್ನ ಗತ್ತು ಅಲ್ಲಿಗೆ ಅರ್ಧ ಇಳಿಯಿತು.

ಮುಂದಿನ ಶನಿವಾರ ಮತ್ತೆ ಹೋದೆ, ಫೋನ್ ಬಂದಿರಲಿಲ್ಲ. ಕ್ವಾಲಿಟಿ ಹುದ್ದೆಗಳಿಗೆಂದು ತಾನು ಉಳಿಸಿಟ್ಟ ಹುಡುಕಾಟವನ್ನೇ ಅವಳು ನಡೆಸಿದಳು. ನಾನಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹಣೆಬರಹ ಅನ್ನುತ್ತಿದ್ದರು. ಅವಳು ಒಂದೊಂದೇ ಶರತ್ತು ತೆಗೆದು ನೋಡುತ್ತ ಹೋದಳು. ಊರು ತೆಗೆದಳು, ಇಲ್ಲ. ಅನುಭವದ ಮಿತಿ ತೆಗೆದಳು, ಇಲ್ಲ. ದಿನದ ಲೆಕ್ಕ ತೆಗೆದಳು, ಊಹೂಂ. ಚಹಾ ಆರಿ ತಣ್ಣಗಾಯಿತು, ಅವಳು ಕಣ್ಣೆತ್ತಲಿಲ್ಲ. ನಾನು ಲ್ಯಾಬಿನಲ್ಲಿ ಕೆಟ್ಟ ಬ್ಯಾಚಿನ ಕಾರಣ ಹುಡುಕುತ್ತಿದ್ದುದು ಹೀಗೆಯೇ. ಭಪ್ಪರೆ ಅಂದುಕೊಂಡೆ.

ಕೊನೆಗೆ ಉಳಿದದ್ದು ಹುಡುಕಾಟದ ಸಾಲಿನ ಬಾಲದಲ್ಲಿದ್ದ ‘ನಾಟ್ ಅಪ್ರೆಂಟಿಸ್’. ಹೊಸ ಹುಡುಗರು ಬರದಿರಲಿ ಎಂದು ಅವಳೇ ಹಾಕಿದ್ದು. ಅದನ್ನು ತೆಗೆದದ್ದೇ ತಡ, ಮೊದಲ ಪುಟದಲ್ಲಿ ನನ್ನ ಹೆಸರು.

ಪ್ರೊಫೈಲ್ ಜೊತೆ ಹಾಕಿದ ರೆಸ್ಯೂಮೆಯಲ್ಲಿ ನಾನು ಅತಿ ಹೆಮ್ಮೆಪಟ್ಟು ಬರೆದ ಸಾಲೊಂದಿತ್ತು: ‘ಹದಿನೆಂಟು ವರ್ಷ ಅಪ್ರೆಂಟಿಸ್‌ಗಳಿಗೆ ತರಬೇತಿ ಕೊಟ್ಟಿದ್ದೇನೆ’. ಆ ಪದ ಎಲ್ಲಿದ್ದರೂ ಸರಿ, ಇದ್ದವನು ಹೊರಗೆ. ಕಲಿಯುವವನೋ ಕಲಿಸುವವನೋ ಅದು ಕೇಳುವುದಿಲ್ಲ.

“ಅರೆ ದೇವಾ,” ಎಂದಳು. “ಕಾಕಾ, ಎರಡು ವರ್ಷದಿಂದ ಇದನ್ನೇ ನಡಸಾಕತ್ತೀನಿ. ನಿಮ್ಮಂಥಾ ಎಷ್ಟು ಮಂದಿನ್ನ ಹೊರಗ ಹಾಕೀನೋ ಏನೋ.”

ತಪ್ಪನ್ನು ನನ್ನ ಮೇಲೆ ಹಾಕಿ ಬಿಡಬಹುದಿತ್ತು. ಹಾಕಲಿಲ್ಲ. ನಾನಾಗಿದ್ದರೆ ಹಾಕುತ್ತಿದ್ದೆ.

“ಉಳಿದ ರಿಕ್ರೂಟರ್‌ಗಳೂ ಹಿಂಗ ‘ನಾಟ್’ ಹಾಕ್ತಾರ. ಆ ಮಾತು ತೆಗೀರಿ,” ಎಂದಳು. ಆ ಸಾಲು ಬಿಡಲು ನನಗೆ ಮನಸ್ಸಿರಲಿಲ್ಲ, ಆದರೂ ತೆಗೆದೆ. ‘ಹೊಸ ಸಿಬ್ಬಂದಿಗೆ ತರಬೇತಿ’ ಎಂದು ಬರೆದೆವು. ಎಂಟನೇ ದಿನ ಮಹಾಪೆಯ ಅಪರಿಚಿತ ರಿಕ್ರೂಟರ್‌ನಿಂದ ಫೋನ್ ಬಂತು. ಇಂಟರ್‌ವ್ಯೂದಲ್ಲಿ ಲ್ಯಾಬಿನ ಮುಖ್ಯಸ್ಥರು ಕೇಳಿದರು: “ನಮ್ಮಲ್ಲಿ ಅಪ್ರೆಂಟಿಸ್‌ಗಳು ಬಹಳ. ಕಲಿಸೋಕೆ ಬರುತ್ತಾ?” ನಾನು ಅರ್ಧ ಗಂಟೆ ಮಾತಾಡಿದೆ. ಕೆಲಸ ಸಿಕ್ಕಿತು.

ಪೇಢೆ ತಗೊಂಡು ಬೇಲಾಪುರಕ್ಕೆ ಹೋದಾಗ ಅವಳು ಬಾಕ್ಸನ್ನು ಬದಿಗಿಟ್ಟು ಸ್ಕ್ರೀನ್ ತಿರುಗಿಸಿದಳು. ಈಗ ಆ ‘ನಾಟ್’ ಇಡೀ ರೆಸ್ಯೂಮೆಗಲ್ಲ, ಈಗಿನ ಹುದ್ದೆ ಬರೆಯುವ ಜಾಗಕ್ಕೆ ಮಾತ್ರ. ಹಳೆಯ ಹುಡುಕಾಟಗಳನ್ನೆಲ್ಲ ಮತ್ತೆ ನಡೆಸಿದ್ದಳು. ಹೊಸದಾಗಿ ಸಿಕ್ಕ ಹೆಸರುಗಳ ಉದ್ದನೆಯ ಪಟ್ಟಿಯಿತ್ತು, ಹೆಚ್ಚಿನವರು ನನ್ನ ವಯಸ್ಸಿನವರು.

“ಪೇಢೆ ಆಮ್ಯಾಲ ತಿಂತೀನ್ರಿ ಕಾಕಾ,” ಎಂದು ಹೆಡ್‌ಫೋನ್ ಹಾಕಿಕೊಂಡಳು. “ಮೊದಲ ಇವರಿಗೆಲ್ಲ ಫೋನ್ ಹಚ್ಚಬೇಕು.”