ಹಿರಿಯೂರಿಗೆ ಹ್ಞೂಂ ಅನ್ನುವ ಮೊದಲು

ಹಿರಿಯೂರಿನ ಕೊಬ್ಬರಿ ಪುಡಿ ಕಾರ್ಖಾನೆಯಿಂದ ಕೆಲಸದ ಪತ್ರ ಬಂದ ದಿನ ನಮ್ಮ ಮನೆಯಲ್ಲಿ ಖುಷಿಪಡದೆ ಕೂತವಳು ನಾನೊಬ್ಬಳೇ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿ ಬಂದಳು. ನಾನು ಮೊಬೈಲಿನಲ್ಲಿ ಪತ್ರದ ಕೊನೆಯ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಒಪ್ಪಿಗೆಯನ್ನು ಬುಧವಾರ ಸಂಜೆಯೊಳಗೆ ತಿಳಿಸಬೇಕು, ತಿಳಿಸದಿದ್ದರೆ ಈ ಪತ್ರ ರದ್ದಾಗುತ್ತದೆ ಎಂದು ಅದರಲ್ಲಿತ್ತು.

ನನಗೆ ಬೇಕಾಗಿದ್ದುದು ಬೇರೆ ಕೆಲಸ. ಬಾಗೂರಿನ ಆಚೆ ನಮ್ಮೂರ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತಿವೆ, ನಮ್ಮ ಕಡೆ ಅವಕ್ಕೆ ಫ್ಯಾನು ಅಂತಲೇ ಹೆಸರು. ಅಪ್ಪ ಕುರಿ ಮೇಯಿಸುವುದು ಅವುಗಳ ಬುಡದಲ್ಲೇ. ಚಿಕ್ಕಂದಿನಿಂದ ಕತ್ತೆತ್ತಿ ನೋಡಿದ್ದ ಆ ಕಂಬದೊಳಗಿನ ಏಣಿ ಹತ್ತಬೇಕು, ಮೇಲೆ ಕೂತು ರಿಪೇರಿ ಮಾಡಬೇಕು ಅನ್ನುವ ಹುಚ್ಚಿಗೇ ನಾನು ಚಿತ್ರದುರ್ಗದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದ್ದು. ಆ ಫ್ಯಾನುಗಳ ಕಂಪನಿಯ ಸಂದರ್ಶನ ಮುಗಿದಿತ್ತು, ಎತ್ತರದಲ್ಲಿ ಕೆಲಸ ಮಾಡುವವರಿಗೆ ಮಾಡಿಸುವ ವೈದ್ಯಕೀಯ ತಪಾಸಣೆಯೂ ಆಗಿತ್ತು. ತಲೆಸುತ್ತಿಲ್ಲ, ಬಿ.ಪಿ. ಸರಿಯಾಗಿದೆ ಅಂದಿದ್ದರು. ತಿಳಿಸುತ್ತೇವೆ ಅಂತಲೂ ಅಂದಿದ್ದರು. ಈ 'ತಿಳಿಸುತ್ತೇವೆ' ಎಂಬ ಮಾತು ಕಂಡುಹಿಡಿದವನು ಕೈಗೆ ಸಿಕ್ಕರೆ ನಾನು ಸುಮ್ಮನೆ ಬಿಡುವುದಿಲ್ಲ.

ನನ್ನ ಜೊತೆ ಓದಿದ ಗೆಳತಿ ಹೇಳಿದ್ದು ಸುಲಭದ ದಾರಿ. ಹಿರಿಯೂರಿಗೆ ಹ್ಞೂಂ ಅಂದುಬಿಡು, ಆ ಕಡೆ ಸಿಕ್ಕರೆ ಮೊಬೈಲ್ ಆಫ್ ಮಾಡಿಕೊಂಡು ಕೂತುಬಿಡು, ಎಲ್ಲರೂ ಮಾಡುವುದೇ ಅದು ಅಂದಳು. ಮನಸ್ಸು ಒಪ್ಪದೆ, ಡಿಪ್ಲೊಮಾದಲ್ಲಿ ಪಾಠ ಮಾಡಿದ ನಮ್ಮ ಮೇಷ್ಟ್ರಿಗೆ ಫೋನು ಮಾಡಿದೆ. ಗಡುವು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ಇರಬೇಡ, ಹಿರಿಯೂರಿನವರ ಹತ್ತಿರ ಎರಡು ಮೂರು ದಿನ ಹೆಚ್ಚಿಗೆ ಕೇಳು, ಗಾಳಿಯಂತ್ರದವರಿಗೆ ನಿನ್ನ ಗಡುವು ಯಾವತ್ತು ಅಂತ ತಿಳಿಸು, ಯಾರೂ ನುಂಗಿಬಿಡುವುದಿಲ್ಲ ಎಂದರು.

ಕೇಳಿದೆ. ಹಿರಿಯೂರಿನ ಮ್ಯಾನೇಜರು, ಶನಿವಾರ ಸಂಜೆ ಐದರವರೆಗೆ ಕಾಯುತ್ತೇನೆ, ಅದರಾಚೆಗೆ ಆಗುವುದಿಲ್ಲ ಎಂದರು. ಅಷ್ಟು ಸಲೀಸಾಗಿ ಕೊಟ್ಟಿದ್ದು ಕಂಡು ಇನ್ನೂ ಒಂದು ವಾರ ಕೇಳಬೇಕಿತ್ತೇನೋ ಅನ್ನಿಸಿತು. ಗಾಳಿಯಂತ್ರದ ಕಂಪನಿಗೂ ಮೇಲ್ ಬರೆದೆ. ನಿಮ್ಮದೇ ನನ್ನ ಮೊದಲ ಆಯ್ಕೆ, ಬೇರೆ ಕಡೆ ಶನಿವಾರದೊಳಗೆ ಉತ್ತರ ಕೊಡಬೇಕಿದೆ, ನನ್ನ ವಿಷಯ ಎಲ್ಲಿಗೆ ಬಂತು ಎಂದು ತಿಳಿಸಲು ಸಾಧ್ಯವೇ ಎಂದು. ಮೇಷ್ಟ್ರಿಗೆ ಓದಿ ಹೇಳಿಯೇ ಕಳಿಸಿದ್ದು.

ಗುರುವಾರ, ಶುಕ್ರವಾರ ಏನೂ ಬರಲಿಲ್ಲ. ಉತ್ತರ ಬಂದಿದ್ದು ಶನಿವಾರ ಮಧ್ಯಾಹ್ನ. ನೀವು ಬೇರೆ ಕಡೆ ಕೆಲಸಕ್ಕೆ ಸೇರಿರುವುದಾಗಿ ಮಾಹಿತಿ ಬಂದ ಕಾರಣ ನಿಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ, ಶುಭವಾಗಲಿ.

ಯಾರದೋ ಮೇಲ್ ನನಗೆ ಬಂದಿದೆ ಅಂದುಕೊಂಡು ಮೇಲಿನ ಹೆಸರು ನೋಡಿದೆ, ನನ್ನದೇ. ಕೂಡಲೇ ಅವರ ಆಫೀಸಿಗೆ ಫೋನು ಹಚ್ಚಿದೆ. ನೇಮಕಾತಿ ನೋಡಿಕೊಳ್ಳುವ ಮೇಡಂ ಎತ್ತಿಕೊಂಡರು. ನಾನು ಎಲ್ಲಿಯೂ ಸೇರಿಲ್ಲ, ಯಾರು ಹೇಳಿದರು ಎಂದು ಕೇಳಿದೆ. ಅವರಿಗೂ ಗಾಬರಿಯಾಯಿತು. ಗುಡ್ಡದ ಮೇಲಿನ ಸೈಟ್ ಇನ್‌ಚಾರ್ಜ್ ಹೇಳಿದರು, ಅವರಿಗೆ ನಿಮ್ಮ ತಂದೆಯವರೇ ಹೇಳಿದ್ದಂತೆ ಎಂದರು.

ಅಪ್ಪ ಹಟ್ಟಿಯಲ್ಲಿ ಕುಂಟುತ್ತಿದ್ದ ಕುರಿಯೊಂದರ ಗೊರಸು ನೋಡುತ್ತಿದ್ದ. ಇನ್‌ಚಾರ್ಜ್ ಹತ್ತಿರ ಏನು ಹೇಳಿದೆ ಅಂತ ಕೇಳಿದೆ. ಅಪ್ಪನ ಮುಖದಲ್ಲಿ ಅಳುಕೇ ಇರಲಿಲ್ಲ.

"ಹಿರಿಯೂರಾಗೆ ನಮ್ ಹುಡುಗೀಗೆ ಕೆಲಸ ಆತು, ನೀವು ಆಕೀ ಸಲುವಾಗಿ ಕಾಯ್ಬ್ಯಾಡ್ರಿ ಅಂದೆ. ದಿನಾ ಸಿಗೋ ಮನುಷ್ಯ, ಅವ್ರನ್ನ ಸುಮ್ನೆ ಕಾಯಿಸಬಾರ್ದಲ್ಲವ್ವ."

ಅಪ್ಪನ ಲೆಕ್ಕ ಕುರಿ ವ್ಯಾಪಾರದ್ದು. ಒಂದು ಟಗರಿಗೆ ಇಬ್ಬರು ಗಿರಾಕಿ ಇದ್ದು ಒಬ್ಬರ ಜೊತೆ ಮಾತು ಮುಗಿದರೆ, ಇನ್ನೊಬ್ಬರಿಗೆ ತಾನೇ ಹೋಗಿ ಹೇಳಿ ಬರುತ್ತಾನೆ. ಹಾಗೆ ಹೇಳದವರನ್ನು ಅವನು ಮನುಷ್ಯರ ಸಾಲಿಗೇ ಸೇರಿಸುವುದಿಲ್ಲ. ಹಿರಿಯೂರಿನ ಪತ್ರ ಮನೆಗೆ ಬಂದಿದ್ದೇ ಅವನ ಪಾಲಿಗೆ ಮಾತು ಮುಗಿದ ಹಾಗೆ. ನಾನಿನ್ನೂ ಒಪ್ಪಿಲ್ಲ, ಒಪ್ಪುವುದಕ್ಕೂ ಒಂದು ಗಡುವು ಇರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಾನೂ ಬಿಡಿಸಿ ಹೇಳಿರಲಿಲ್ಲ. ಆಗ ಮಾತ್ರ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಟ್ಟಿಯ ಕುರಿಗಳೆಲ್ಲ ಮೂಲೆ ಸೇರುವಷ್ಟು ಕೂಗಾಡಿದೆ. ಅಪ್ಪ ಕುರಿಯ ಕಾಲು ಬಿಟ್ಟು ಎದ್ದ. ಮೆಟ್ಟು ಮೆಟ್ಟಿಕೊಂಡು ಗುಡ್ಡದ ಕಡೆ ನಡೆದ. ಇನ್‌ಚಾರ್ಜ್ ಮುಂದೆ ನಿಂತು, ನಾನು ತಿಳೀದೆ ಹೇಳಿದೆ ಅಂತ ಹೇಳಿ ಬಂದನಂತೆ.

ನಾಲ್ಕೂವರೆಗೆ ಮೇಡಂ ವಾಪಸ್ ಫೋನು ಮಾಡಿದರು. ನಿಮ್ಮ ಜಾಗಕ್ಕೆ ಪಟ್ಟಿಯಲ್ಲಿ ಮುಂದಿನವರಿಗೆ ನಿನ್ನೆಯೇ ಪತ್ರ ಹೋಗಿದೆ, ಒಪ್ಪಲು ಅವರಿಗೆ ಬುಧವಾರದವರೆಗೆ ಸಮಯವಿದೆ, ಅವರು ಬೇಡ ಅಂದರೆ ನಿಮಗೇ, ಆದರೆ ಅದನ್ನು ನಂಬಿಕೊಂಡು ಕೈಯಲ್ಲಿರುವುದನ್ನು ಬಿಡಿ ಎಂದು ನಾನು ಹೇಳಲಾರೆ ಎಂದರು. ನನ್ನ ಬದುಕು ಈಗ ಯಾರದೋ ಗಡುವಿಗೆ ತಗಲಿಕೊಂಡಿತ್ತು. ಆ ಯಾರೋ ಇನ್ನೆಲ್ಲಿಯ ಉತ್ತರಕ್ಕೆ ಕಾಯುತ್ತಿದ್ದರೋ.

ಐದಕ್ಕೆ ಸ್ವಲ್ಪ ಮುಂಚೆ ಹಿರಿಯೂರಿಗೆ ಒಪ್ಪಿಗೆ ಕಳಿಸಿದೆ. ಅಳು ಬಂತು. ಅವ್ವ ಅದನ್ನು ಸಂತೋಷದ ಅಳು ಅಂದುಕೊಂಡಳು, ನಾನು ತಿದ್ದಲಿಲ್ಲ. ಅಪ್ಪ ನನ್ನ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟ.

ಗುರುವಾರ ಬೆಳಿಗ್ಗೆ ಮೇಡಂ ಫೋನು ಬಂತು. ಪಟ್ಟಿಯಲ್ಲಿದ್ದ ಆ ಮುಂದಿನವರು ಬೇಡ ಅಂದರಂತೆ. ನಿಮಗೆ ಈಗಲೂ ಬೇಕಾ ಎಂದು ಕೇಳಿದರು.

ನಾನು ಕೂತಿದ್ದಲ್ಲೇ ಎದ್ದು ನಿಂತೆ. ಬೇಕು ಅಂದೆ, ಆದರೆ ಪತ್ರ ಕೈಗೆ ಬರುವವರೆಗೆ ಹಿರಿಯೂರಿಗೆ ತುಟಿ ಬಿಚ್ಚಲಿಲ್ಲ. ಬಾಯಿಮಾತು ಏನೇನು ಮಾಡಬಲ್ಲದು ಎಂಬುದನ್ನು ಮನೆಯಲ್ಲೇ ಕಂಡಾಗಿತ್ತು. ಮಧ್ಯಾಹ್ನ ಪತ್ರ ಬಂತು. ಸಂಬಳ, ಜಾಗ, ಸೇರುವ ದಿನ ಎಲ್ಲ ಸಾಲುಸಾಲಾಗಿ ಓದಿ ಆಗಲೇ ಒಪ್ಪಿದೆ. ಆಮೇಲೆ ಹಿರಿಯೂರಿಗೆ ಫೋನು ಮಾಡಬೇಕಿತ್ತು. ಮೊಬೈಲ್ ಆಫ್ ಮಾಡುವ ಗೆಳತಿಯ ಉಪಾಯ ಆ ಗಳಿಗೆಯಲ್ಲಿ ನನಗೂ ಎಷ್ಟು ಚಂದ ಕಂಡಿತೆಂದರೆ, ಅಪ್ಪ ಎದುರಿಗೆ ಕಟ್ಟೆಯ ಮೇಲೆ ಕೂತಿರದಿದ್ದರೆ ಆಫ್ ಮಾಡಿಯೇ ಬಿಡುತ್ತಿದ್ದೆನೇನೋ.

ಮ್ಯಾನೇಜರು ಬೈಯುತ್ತಾರೆ ಅಂದುಕೊಂಡು ಹಲ್ಲುಕಚ್ಚಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಸುಸ್ತಾದವರ ದನಿಯಲ್ಲಿ ಮಾತಾಡಿದರು.

"ಪಟ್ಟಿಯಲ್ಲಿ ನಿಮ್ಮ ಹಿಂದೆ ಹೊಳಲ್ಕೆರೆ ಕಡೆಯ ಇನ್ನೊಂದು ಹುಡುಗಿ ಇತ್ತಮ್ಮ. ನೀವು ಶನಿವಾರದವರೆಗೂ ಟೈಮ್ ಕೇಳಿದ್ರಲ್ಲ, ಅಷ್ಟೂ ದಿನ ಆಕೆ ದಿನಾ ಫೋನ್ ಮಾಡಿ ಸಾರ್ ನಂದೇನಾತು ಅಂತ ಕೇಳ್ತಿದ್ಲು. ನೀವು ಹ್ಞೂಂ ಅಂದ ಮೇಲೆ ಸೋಮವಾರ ಆಕೆಗೆ ಇಲ್ಲ ಅಂದ್ಬಿಟ್ಟೆ."

ಅಷ್ಟೂ ದಿನ ಈ ಜಿಲ್ಲೆಯಲ್ಲಿ ಕಾಯುತ್ತಿರುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ನನಗೆ ಸಲೀಸಾಗಿ ಸಿಕ್ಕ ಆ ದಿನಗಳನ್ನು ಯಾರ ಲೆಕ್ಕದಿಂದ ತೆಗೆದು ಕೊಟ್ಟರು ಎಂಬ ಯೋಚನೆ ಒಂದು ಸಲವೂ ಬಂದಿರಲಿಲ್ಲ.

ಈಗಲೇ ಆ ಹುಡುಗಿಗೆ ಫೋನು ಮಾಡಿ ಸಾರ್ ಎಂದು ಅಂಗಲಾಚಿದೆ.

"ಮಾಡ್ತೀನಿ," ಎಂದರು. "ಸೋಮವಾರದಿಂದ ಇವತ್ತಿನವರೆಗೆ ಆಕೆ ಇನ್ನೆಲ್ಲಾದ್ರೂ ಒಪ್ಕೊಂಡಿರದಿದ್ರೆ ಸರಿ."

ಫೋನು ಇಟ್ಟರು. ಏನಂದ್ರವ್ವ ಅಂತ ಅಪ್ಪ ಕಟ್ಟೆಯಿಂದಲೇ ಕೇಳಿದ. ಇನ್ನೊಬ್ಬ ಹುಡುಗಿಯ ವಿಷಯ ಹೇಳಿದೆ. ಅಪ್ಪ ಕಟ್ಟೆಯಿಂದಿಳಿದು ಮೆಟ್ಟು ಮೆಟ್ಟಿಕೊಳ್ಳುತ್ತ, ಹೊಳಲ್ಕೆರೆ ಕಡೆ ಆಕೆಯ ಊರು ಯಾವುದು ಅಂತ ಕೇಳಿದ. ನಾನು ಅದನ್ನೂ ಕೇಳಿಕೊಂಡಿರಲಿಲ್ಲ.