ನಲವತ್ತಾರನೆಯ ನಡೆ

ಶಿವಗಂಗವ್ವ ಸೆರಗಿನಲ್ಲಿ ಸುತ್ತಿ ತಂದಿದ್ದ ಫೋಟೋವನ್ನು ಶರೀಫಸಾಬನ ಹೊಲಿಗೆ ಮಷೀನಿನ ಮೇಲಿಟ್ಟಳು. ಅದರಲ್ಲಿ ಮನುಷ್ಯರಿರಲಿಲ್ಲ. ಗೆರೆ ಹೊಡೆದ ಕಾಗದ, ಅದರ ತುಂಬ ಅವಳ ಗಂಡ ಮಡಿವಾಳೆಪ್ಪನ ಕೈಬರಹ. ಹುಬ್ಬಳ್ಳಿಯ ಪಂದ್ಯದಲ್ಲಿ ಅವನು ಆಡಿದ ಕೊನೆಯ ಚದುರಂಗದ ಆಟ, ಒಂದೊಂದು ನಡೆಯೂ ಬರೆದದ್ದು. ಮೂಲ ಕಾಗದ ಕೊಡುವುದಿಲ್ಲವೆಂದು ಪಂದ್ಯದವರು ಹೇಳಿದ್ದರು. ಗುಡಗೇರಿಯ ಫೋಟೋದ ಮಶಾಕಸಾಬನನ್ನು ಕರೆದುಕೊಂಡು ಹೋಗಿ ತೆಗೆಸಿದ್ದಳು.

ಮಡಿವಾಳೆಪ್ಪ ಸಂಶಿಯ ಶಾಲೆಯೊಂದರಲ್ಲಿ ಸಿಪಾಯಿ. ಗಂಟೆ ಬಾರಿಸಿ ಬಂದು ಇದೇ ಅಂಗಡಿಯಲ್ಲಿ ಶರೀಫಸಾಬನ ಎದುರು ಚದುರಂಗಕ್ಕೆ ಕೂಡುತ್ತಿದ್ದ. ಹುಬ್ಬಳ್ಳಿಯಲ್ಲಿ ಸೋತು ಬಂದ ಮೇಲೆ ಕೂಡಲಿಲ್ಲ. ನಾಲ್ಕು ತಿಂಗಳು ಗೋಡೆ ನೋಡಿದ. ಎದೆ ಹಿಡಿದುಕೊಂಡು ಸತ್ತ. ಅವನು ಹೋಗಿ ವರ್ಷವಾದರೂ ರೊಟ್ಟಿ ಬಡಿಯುವಾಗ ಅವಳ ಬೆನ್ನ ಹಿಂದೆ ಹಲಗೆಯ ಮೇಲೆ ಕಾಯಿ ಇಟ್ಟ ಸಪ್ಪಳ. ತಿರುಗಿದರೆ ಯಾರೂ ಇಲ್ಲ.

"ಎಲ್ಲಿ ಕೆಟ್ಟಿತು, ಹೇಳು" ಎಂದಳು. "ಇಲ್ಲಿ ನಾನ ಚೆಲ್ಲಿದ ಚಹಾದ ಕಲಿ ಐತಲ್ಲ, ಇಲ್ಲೇನು?"

ಫೋಟೋದಲ್ಲಿ ನಲವತ್ತೊಂದನೆಯ ಸಾಲಿನ ಪಕ್ಕ ಕಪ್ಪು ಕಲೆಯಿತ್ತು. ಆ ದಿನ ಅವಳು ಹುಬ್ಬಳ್ಳಿಯಲ್ಲೇ ಇದ್ದ ಅಕ್ಕನ ಮನೆಯಿಂದ ಅವನಿಗೆ ಚಹಾ ಒಯ್ದಿದ್ದಳು. ಗ್ಲಾಸು ತುಳುಕಿ ಕಾಗದದ ಮೇಲೆ ಚೆಲ್ಲಿತು. ಪಂದ್ಯದವರು ಬೈದರು. ಅವನು ಹೋಗು ಎಂದು ಕೈ ಮಾಡಿದ. ತಾನು ಅಲ್ಲಿಗೆ ಹೋದದ್ದರಿಂದಲೇ ಅವನು ಸೋತನೆಂಬುದು ಅವಳ ಒಳಗಿನ ಮಾತು. ಯಾರಿಗೂ ಹೇಳಿರಲಿಲ್ಲ.

ಶರೀಫಸಾಬ ಕನ್ನಡಕ ಏರಿಸಿ, ಹಲಗೆ ಹರವಿ, ಫೋಟೋ ನೋಡುತ್ತ ಎರಡೂ ಕಡೆಯ ಕಾಯಿ ನಡೆಸತೊಡಗಿದ. ಒಳಗಿಂದ ಅವನ ಹೆಂಡತಿ ಜಮೀಲಾಬಿ ಬಂದು ಬಾಗಿಲಿಗೆ ಒರಗಿದಳು.

"ಇವರಿಬ್ಬರೂ ಕುಂತರ ಮನ್ಯಾಗ ಬೆಂಕಿ ಬಿದ್ರೂ ಏಳ್ತಿದ್ದಿಲ್ಲ ವೈನಿ. ಮೊದಲ ವಜೀರನ್ನ ಉಳಿಸ್ತಿದ್ರು, ಆಮ್ಯಾಲ ನನ್ನ."

"ಸುಮ್ಮಿರಬೇ" ಎಂದ ಶರೀಫಸಾಬ. ನಲವತ್ತೊಂದರಲ್ಲಿ ಕೈ ನಿಲ್ಲಿಸಿದ. "ನೋಡ್ರಿ ವೈನಿ, ಇದು ಅಗದಿ ಚಲೋ ನಡಿ. ತನ್ನ ಕರಿ ಆನಿ ತಂದು ಇಲ್ಲಿಟ್ಟಾನ. ಆ ದಂಡಿ ಸಾಲಿನ ಬಿಳಿ ಪ್ಯಾದಿ ಇನ್ನೂ ಮನಿ ಬಿಟ್ಟಿಲ್ಲ. ಎರಡ ಹೆಜ್ಜಿ ಮುಂದ ಬಂದರ ಆನಿ ಹೊಡೀತೈತಿ. ನಿಮ್ಮ ಚಹಾದ್ದೇನೂ ತಪ್ಪಿಲ್ಲ."

ಅವಳು ಹಲಗೆಯತ್ತ ಬಾಗಿದಳು. "ಮುಂದ?"

ನಲವತ್ತಾರಕ್ಕೆ ಬಂದಾಗ ಶರೀಫಸಾಬ ಹಣೆ ಒರೆಸಿಕೊಂಡ. ಹಲಗೆಯ ಮೇಲೆ ಉಳಿದದ್ದು ಐದೇ ಕಾಯಿ: ಎರಡು ರಾಜ, ಎರಡು ಆನೆ, ಆ ಪ್ಯಾದೆ. ಬಿಳಿ ಆನೆ ಕೆಳಗಿಂದ ಕರಿ ರಾಜನಿಗೆ ಶಹ ಕೊಟ್ಟಿತ್ತು.

"ಇಲ್ಲಿ ರಾಜನ್ನ ಬಾಜು ಮನಿಗೆ ಸರಿಸಿದ್ರ ಮುಗೀತು. ಆನಿ ಕಾವಲಿಗೆ ಇರ್ತಿತ್ತು. ಪ್ಯಾದಿ ಒಂದ ಹೆಜ್ಜಿ ಇಟ್ರ ಆನಿ ಹೋಗಿ ಅದರ ಮುಂದ ಅಡ್ಡ ಕೂಡ್ತಿತ್ತು. ರಾಜ ನಡಕೋಂತ ಬಂದು ಕೂಡತಿದ್ದ. ಯಾರೂ ಗೆಲ್ತಿದ್ದಿಲ್ಲ, ಯಾರೂ ಸೋಲ್ತಿದ್ದಿಲ್ಲ. ಆದರ ಇಂವ ಆನಿನ ರಾಜನ ಮುಂದ ಅಡ್ಡ ತಂದ. ಬಿಳಿ ಆನಿ ಇದನ್ನ ಹೊಡೀತು. ಇವನ ರಾಜ ಆ ಆನಿನ ಹೊಡೆದ. ಪ್ಯಾದಿ ಬಯಲಾತು."

"ರಾಜ ಓಡಿ ಹಿಡೀಬೇಕಿಲ್ಲ?"

"ಅದನ್ನ ಎಣಿಸ್ಯಾನ." ಶರೀಫಸಾಬ ಪ್ಯಾದೆಯನ್ನು ಒಂದೊಂದೇ ಮನೆ ನಡೆಸಿ, ರಾಜನನ್ನು ಬೆನ್ನು ಹತ್ತಿಸಿದ. ಐದನೆಯ ಹೆಜ್ಜೆಗೆ ರಾಜ ಪ್ಯಾದೆಯ ಮಗ್ಗುಲಿಗೆ ಬಂದು ನಿಂತ. "ಹಿಂಗಾದ್ರ ಸಿಗತೈತಿ. ಆದರ ಪಂದ್ಯದ ಕಾಯ್ದೆದಾಗ ಪ್ಯಾದಿ ಮೊದಲ ಸಲ ಎರಡ ಮನಿ ಜಿಗೀತೈತಿ. ಜಿಗೀತು. ರಾಜಗ ಒಂದ ಹೆಜ್ಜಿ ಕಮ್ಮಿ ಬಿತ್ತು. ಕಾಗದ ಅಲ್ಲಿಗೇ ನಿಂತೈತಿ ನೋಡ್ರಿ."

ಅವನು ಫೋಟೋ ಕೆಳಗಿಟ್ಟ. "ಒಂದ ತಿಳೀವಲ್ದು. ನನ್ನ ಕೂಡ ಯಾವತ್ತೂ ಪಂದ್ಯದ ಕಾಯ್ದೇನ ಆಡ್ತಿದ್ದ. ಈ ಆಟದಾಗೂ ಮೊದಲಿಗೆ ತಾನ ಎರಡೆರಡ ಮನಿ ಜಿಗಿಸ್ಯಾನ. ಕಡೀಕ ಎಣಿಸೂ ಮುಂದ ನಮ್ಮ ಊರ ಹಳೇ ಒಂದೊಂದ ಹೆಜ್ಜಿ ಎಣಿಕಿ ಎಲ್ಲಿಂದ ಬಂತು ಅವಗ?"

ಶಿವಗಂಗವ್ವ ಫೋಟೋವನ್ನು ತನ್ನತ್ತ ಎಳೆದುಕೊಂಡಳು.

"ಮನ್ಯಾಗ ನನ್ನ ಕೂಡ ಆಡ್ತಿದ್ದ" ಎಂದಳು. "ಹೊಸಾ ಕಾಯ್ದೆ ಹೇಳಿಕೊಡಾಕ ಬಂದ. ನಾನ ಬ್ಯಾಡಂದೆ. ಪ್ಯಾದಿ ನಡಕೋಂತ ಬರ್ಬೇಕು, ಜಿಗಿಯಾಕ ಅದೇನ ಕುದರಿ ಏನು ಅಂದೆ. ನಕ್ಕ. ನಾ ಅಂದಂಗ ಆಡಿದ. ಹುಬ್ಬಳ್ಳಿಗೆ ಹೋಗೂ ಹಿಂದಿನ ವಾರ ದಿನಾ ಆಡಿದ."

ಜಮೀಲಾಬಿ ಬಂದು ಅವಳ ಬಾಜು ಕುಳಿತಳು. ಶರೀಫಸಾಬ ಕಾಯಿ ಎತ್ತಲು ಹೋದ. ಶಿವಗಂಗವ್ವ ಅವನ ಕೈ ತಡೆದಳು. ಪ್ಯಾದೆಯನ್ನು ಅದರ ಮೊದಲಿನ ಮನೆಗೆ, ಕರಿ ರಾಜನನ್ನು ಆನೆ ಹೊಡೆದ ಜಾಗಕ್ಕೆ ತಂದಿಟ್ಟಳು.

"ಜಿಗಿಸು."

ಅವನು ಎರಡು ಮನೆ ಜಿಗಿಸಿದ. ಅವಳು ರಾಜನನ್ನು ಓಡಿಸಿದಳು. ಪ್ಯಾದೆ ಕೊನೆಯ ಮನೆ ಮುಟ್ಟಿತು. ರಾಜ ಒಂದು ಹೆಜ್ಜೆ ಹಿಂದಿದ್ದ.

"ಇನ್ನೊಮ್ಮೆ" ಎಂದಳು.