ನಳಿಗೆಯಲ್ಲಿ ನಾನು ಕಂಡ ಬಣ್ಣ

ಪೊಲೀಸ್ ಆಕ್ಷನ್ ಮುಗಿದು ನಾಲ್ಕೈದು ವರ್ಷವಾಗಿರಬೇಕು. ಚಿತ್ತಾಪುರದ ಒಂದು ಸಣ್ಣ ಹೆರಿಗೆ ದವಾಖಾನೆಯಲ್ಲಿ ನಾನು ನರ್ಸು. ಹೆಸರಿಗೆ ನರ್ಸು ಅಷ್ಟೇ. ಕಸ ಹೊಡೆಸುವುದು, ನೀರು ಕಾಯಿಸುವುದು, ಬಂಡಿ ಕಟ್ಟಿಸಿಕೊಂಡು ಹಳ್ಳಿ ಸುತ್ತುವುದು, ಬಸುರಿಯರ ಅತ್ತೆಯರ ಜೊತೆ ವಾದ ಮಾಡುವುದು, ಎಲ್ಲ ನನ್ನ ತಲೆಗೇ. ಆ ದಿನಗಳನ್ನು ನೆನೆದರೆ ಮೊದಲು ನೆನಪಾಗುವುದು ಮುಖಗಳಲ್ಲ, ಸೊಂಟನೋವು.

ಸುತ್ತಿನ ಹಳ್ಳಿಗಳಲ್ಲಿ ಬಸುರಿಯರು ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಂಡಿರುತ್ತಿದ್ದರು. ಸೇಡಂನಲ್ಲಿ ನನ್ನ ಸ್ವಂತ ಅಕ್ಕ ಹಾಗೇ ಬಿಳಿಚಿಕೊಂಡು, ಹೆತ್ತ ಮೂರನೇ ದಿನ ಹೋದಳು. ಆಗ ನನಗೆ ಹದಿನಾರು. ನರ್ಸಿಂಗ್ ಕಲಿಯಲು ಹೋದದ್ದೇ ಆ ಸಿಟ್ಟಿಗೆ. ಆದ್ದರಿಂದ ನಮ್ಮ ಡಾಕ್ಟರಬಾಯಿ ಹೈದರಾಬಾದಿನಿಂದ ಕಬ್ಬಿಣದಂಶದ ಗುಳಿಗೆ ತರಿಸಿದಾಗ ನನಗಾದ ಸಂತೋಷಕ್ಕೆ ಅಳತೆಯಿರಲಿಲ್ಲ. ಡಾಕ್ಟರಬಾಯಿ ಚಿಂಚೋಳಿ ಕಡೆಯವರು, ಮಾತು ಕಡಿಮೆ, ಅನುಮಾನ ಜಾಸ್ತಿ.

ಮೊದಲ ಚಳಿಗಾಲ ಬಂದ ಗುಳಿಗೆ ಎಲ್ಲರಿಗೆ ಸಾಲುವಷ್ಟಿರಲಿಲ್ಲ. ಯಾರಿಗೆ ಕೊಡಬೇಕೆಂದು ಆರಿಸುವ ಕೆಲಸ ನನ್ನದಾಯಿತು. ತೀರ ಸೊರಗಿದವರಿಗೆ, ಕಣ್ಣೀರು ಹಾಕಿದವರಿಗೆ ಕೊಟ್ಟೆ. ಗಟ್ಟಿಮುಟ್ಟಾದವರನ್ನು ಹಾಗೇ ಕಳಿಸಿದೆ. ಹಂಗಾಮು ಮುಗಿದ ಮೇಲೆ ನೋಡಿದರೆ ಗುಳಿಗೆ ತಿಂದವರೇ ತಿನ್ನದವರಿಗಿಂತ ಬಡಕಲಾಗಿದ್ದರು. ಗುಳಿಗೆ ಕೆಲಸಕ್ಕೆ ಬಾರದ್ದು ಎಂದು ಮೇಲಿನವರು ಷರಾ ಬರೆದರು. ನನಗೆ ಅಳು ಬಂತು. ಡಾಕ್ಟರಬಾಯಿ ನನ್ನನ್ನು ಬೈಯಲಿಲ್ಲ. ಸೋತವರನ್ನೇ ಆರಿಸಿ ಒಂದು ಕಡೆ ನಿಲ್ಲಿಸಿದ ಮೇಲೆ ಗುಳಿಗೆ ಏನು ಮಾಡಿತೆಂದು ಯಾವ ಬಾಯಿಂದ ಹೇಳುವುದು ಎಂದಷ್ಟೇ ಕೇಳಿದರು. ಎಲ್ಲರಿಗೂ ಕೊಟ್ಟು ನೋಡಿದರೂ ತಿಳಿಯುವುದಿಲ್ಲವಂತೆ. ಯಾರೋ ತವರಿಗೆ ಹೋಗಿ ನಾಲ್ಕು ದಿನ ಕೂತು ಉಂಡಿರುತ್ತಾಳೆ, ಯಾರಿಗೋ ಹೊಲದ ಕೆಲಸ ಮುಗಿದಿರುತ್ತದೆ. ಚೇತರಿಕೆ ಅದರಿಂದಲೋ ಗುಳಿಗೆಯಿಂದಲೋ ಗೊತ್ತಾಗಬೇಕಾದರೆ, ಪಕ್ಕದಲ್ಲೇ ಅಂಥದೇ ಇನ್ನೊಂದು ಗುಂಪು ಗುಳಿಗೆಯಿಲ್ಲದೆ ಇರಬೇಕು.

ಮರುವರ್ಷ ಅವರು ಹಟ ಹಿಡಿದು ಸರಿಯಾಗಿ ಮಾಡಿದರು. ಈ ಸಲ ತೋರಿಸಿಕೊಟ್ಟರೆ ಗುಳಿಗೆ ತಾಲೂಕಿನ ಎಲ್ಲ ಬಸುರಿಯರಿಗೂ ಬರುತ್ತದೆ, ಇಲ್ಲದಿದ್ದರೆ ಆ ಮಾತೇ ಮುಗಿಯಿತು ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಬಾಟಲಿಗಳು ರೈಲಿನಲ್ಲಿ ಬಂದವು. ಮೇಲೆ ನಂಬರು ಬಿಟ್ಟರೆ ಏನೂ ಇಲ್ಲ. ಅರ್ಧ ಬಾಟಲಿಗಳಲ್ಲಿ ಕಬ್ಬಿಣದ ಗುಳಿಗೆ, ಇನ್ನರ್ಧದಲ್ಲಿ ಔಷಧವೇ ಇಲ್ಲದ ಬರಿ ಗುಳಿಗೆ. ಎರಡಕ್ಕೂ ಒಂದೇ ಗಾತ್ರ, ಒಂದೇ ಕೆಂಪು ಸಕ್ಕರೆ ಲೇಪ. ಯಾವ ನಂಬರಿನಲ್ಲಿ ಯಾವುದು ಎಂಬುದನ್ನು ಹೈದರಾಬಾದಿನಲ್ಲಿ ಒಬ್ಬರು ಚೀಟಿ ಎತ್ತಿ ನಿರ್ಧರಿಸಿ, ಪಟ್ಟಿಯನ್ನು ಮೊಹರು ಮಾಡಿ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ನಮಗೆ ಗೊತ್ತಿಲ್ಲ, ಬಸುರಿಯರಿಗೂ ಗೊತ್ತಿಲ್ಲ. ಬಂದವಳಿಗೆ ಸಾಲಿನಲ್ಲಿರುವ ಮುಂದಿನ ನಂಬರು. ಅವಳ ಮುಖ ನೋಡಿ ಹಿಂದೆ ಮುಂದೆ ಮಾಡುವಂತಿಲ್ಲ.

ರಕ್ತ ತೀರ ಕಡಿಮೆಯಿದ್ದವರನ್ನು ಇದರಲ್ಲಿ ಸೇರಿಸಲಿಲ್ಲ. ಅವರಿಗೆ ನೇರವಾಗಿ ಕಬ್ಬಿಣ ಕೊಟ್ಟೆವು. ನಡುವೆ ಯಾರದಾದರೂ ರಕ್ತ ಗೊತ್ತುಮಾಡಿದ ಗೆರೆಗಿಂತ ಕೆಳಗಿಳಿದರೆ ಅವಳ ಬಾಟಲಿ ನಿಲ್ಲಿಸಿ ಚಿಕಿತ್ಸೆ ಕೊಡಬೇಕು ಎಂದೂ ಆಗಿತ್ತು. ಬಂದ ಹೆಂಗಸರಿಗೆಲ್ಲ ನಾನು ಇದನ್ನು ಬಿಡಿಸಿ ಹೇಳಿದೆ. ಹೇಳಿ ಹೇಳಿ ಗಂಟಲು ಬಿತ್ತು. ಗುಂಡಗುರ್ತಿಯ ಒಬ್ಬಾಕೆ, ಡಾಕ್ಟರಿಗೇ ಗೊತ್ತಿಲ್ಲದ ಔಷಧ ನನಗೆ ಬೇಡ ಎಂದು ಎದ್ದು ಹೋದಳು. ಅವಳದು ತಪ್ಪೆಂದು ನಾನು ಹೇಳಲಾರೆ. ಉಳಿದವರು ಒಪ್ಪಿದರು.

ದಂಡೋತಿಯ ಒಬ್ಬ ಸೊಸೆ ಹಾಗೆ ಒಪ್ಪಿದವಳು. ಚೊಚ್ಚಲ ಬಸುರಿ. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ನಮ್ಮ ಅಕ್ಕನ ಹಾಗೆ. ಬಂಡಿ ಆ ಊರಿಗೆ ಹೋದಾಗಲೆಲ್ಲ ನಾನು ಅವಳ ಮನೆಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದೆ. ಎಷ್ಟೋ ಸಲ ಅವಳ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ್ದೇನೆ. ಕೆಂಪು ಗುಳಿಗೆ ಕೆಂಪಾಗಿಯೇ ಕಾಣುತ್ತಿತ್ತು.

ತಿಂಗಳು ಕಳೆಯುವುದರೊಳಗೆ ಕೆಲವು ಹೆಂಗಸರು ನಾಚುತ್ತ ನನ್ನ ಕಿವಿಯಲ್ಲಿ ಒಂದು ಮಾತು ಹೇಳತೊಡಗಿದರು. ಹೊರಕಡೆಗೆ ಹೋದರೆ ಮಲ ಕಪ್ಪಾಗುತ್ತಿದೆ, ಏನಾದರೂ ಕೆಟ್ಟದ್ದೇ ಎಂದು ಕೇಳಿದರು. ಕಬ್ಬಿಣ ತಿಂದರೆ ಹಾಗಾಗುತ್ತದೆಂದು ನಾನು ಕಲಿತಿದ್ದೆ. ಗಾಬರಿಯಾಗಬೇಡಿರೆಂದು ಅವರಿಗೆ ಹೇಳಿದೆ. ಕಬ್ಬಿಣ ಯಾರಿಗೆ ಸಿಕ್ಕಿದೆ ಎಂಬುದು ಈಗ ನನಗೆ ತಿಳಿಯಿತು, ಪಟ್ಟಿಯ ಹಂಗೇ ಬೇಡ ಎಂದುಕೊಂಡೆ. ಆಗಲೇ ಡಾಕ್ಟರಬಾಯಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ರಕ್ತ ನೋಡುವ ಕೆಲಸದಿಂದ ನನ್ನನ್ನು ತೆಗೆಯುತ್ತಾರೆ, ಅಷ್ಟು ಬುದ್ಧಿ ನನಗಿತ್ತು. ಒಂದು ದಿನ ದಂಡೋತಿಯವಳೂ ಅದೇ ಮಾತು ಹೇಳಿದಳು. ಆ ದಿನ ಬಂಡಿಯಲ್ಲಿ ವಾಪಸು ಬರುವಾಗ, ಬಹಳ ದಿನಗಳ ಮೇಲೆ, ನನ್ನ ಸೊಂಟ ನೋಯಲಿಲ್ಲ.

ಗುಳಿಗೆಯ ಅವಧಿ ಅರ್ಧ ಕಳೆದಾಗ, ನಡುಗಾಲದಲ್ಲಿ, ಎಲ್ಲರ ರಕ್ತ ನೋಡುವ ದಿನ ಬಂತು. ಸಂತೆಯ ದಿನವೇ ಕರೆಸಿದ್ದೆವು. ರಕ್ತ ನೋಡುವುದೆಂದರೆ ಬೆರಳು ಚುಚ್ಚಿ ಒಂದಿಷ್ಟು ರಕ್ತ ಎಳೆದು, ಆಮ್ಲವಿರುವ ಗೆರೆಯ ನಳಿಗೆಗೆ ಬಿಟ್ಟು, ಅದು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯುವುದು. ಆಮೇಲೆ ಪಕ್ಕದ ಗಾಜಿನ ಬಣ್ಣಕ್ಕೆ ಸಮನಾಗುವವರೆಗೆ ಹನಿಹನಿಯಾಗಿ ನೀರು ಸೇರಿಸುವುದು. ಹೆಚ್ಚು ನೀರು ಹಿಡಿದರೆ ರಕ್ತ ಚೆನ್ನಾಗಿದೆ ಎಂದು ಅರ್ಥ. ಎಲ್ಲವೂ ಕಣ್ಣಿನ ಮೇಲೆ. ಸಾಕು ಎಂದು ಕಣ್ಣು ಯಾವಾಗ ಹೇಳುತ್ತದೋ ಆಗ ನಿಲ್ಲಿಸಬೇಕು.

ನನ್ನ ಓದನ್ನು ಇನ್ನೊಬ್ಬರು ತಾಳೆ ನೋಡಲೆಂದು ಡಾಕ್ಟರಬಾಯಿ ಶಹಾಬಾದಿನಿಂದ ಒಬ್ಬ ಕಂಪೌಂಡರನ್ನು ಕರೆಸಿದ್ದರು. ವಾಡಿಯಲ್ಲಿ ರೈಲು ತಪ್ಪಿಸಿಕೊಂಡು ತಡವಾಗಿ ಬಂದ ಮನುಷ್ಯ. ಬಾಯಿತುಂಬ ಎಲೆಯಡಿಕೆ. ನೋಡಿದ ಕೂಡಲೇ ನನಗೆ ಮೈ ಉರಿಯಿತು. ನಾನು ದಂಡೋತಿಯವಳ ನಳಿಗೆ ಓದಿ, ಗೆರೆಗಿಂತ ಚೆನ್ನಾಗಿ ಮೇಲಿದೆ ಎಂದು ಬರೆದೆ. ಅವರು ಅದನ್ನು ಕಿಟಕಿಗೆ ಹಿಡಿದು ನೋಡಿ, ನೀರು ಹೆಚ್ಚಾಗಿದೆ, ಬಣ್ಣ ತೆಳ್ಳಗಾಗಿದೆ ಎಂದರು. ನಿಮಗೆ ಕನ್ನಡಕ ಬೇಕಾಗಿದೆ ಎಂದು ನಾನು ಅಂದೆ.

ಡಾಕ್ಟರಬಾಯಿ ಎದ್ದರು. ನಾಲ್ವರು ಹೆಂಗಸರನ್ನು ಒಳಗೆ ಕರೆದು ತಾವೇ ಹೊಸದಾಗಿ ರಕ್ತ ತೆಗೆದರು. ನಳಿಗೆಗಳಿಗೆ ನಂಬರಿನ ಬದಲು ತಮಗಷ್ಟೇ ತಿಳಿದ ಗುರುತು ಹಾಕಿ ತಂದಿಟ್ಟರು. ಯಾರದು ಯಾವುದೋ ನನಗೆ ಗೊತ್ತಿರಲಿಲ್ಲ. ಒಂದೊಂದಾಗಿ ಓದಿದೆ. ಮೂರನೆಯದು ಬಹಳ ಬೇಗ ತೆಳ್ಳಗಾಯಿತು. ನಾಲ್ಕೇ ಹನಿಗೆ ಕೈ ನಿಲ್ಲಿಸಬೇಕಾಯಿತು. ಪಾಪ, ಯಾವ ಹೆಣ್ಣೋ, ಗೆರೆಗಿಂತ ಕೆಳಗಿದ್ದಾಳೆ, ಇವತ್ತೇ ಚಿಕಿತ್ಸೆ ಶುರುವಾಗಬೇಕು ಎಂದು ನಾನೇ ಹೇಳಿದೆ.

"ಇಕಿ ನಿನ್ನ ದಂಡೋತಿಯಾಕಿನೇ," ಎಂದರು ಡಾಕ್ಟರಬಾಯಿ. "ಆಗ ನೋಡಿದ್ದೂ ನಿನ್ನ ಕಣ್ಣೇ, ಈಗ ನೋಡಿದ್ದೂ ನಿನ್ನ ಕಣ್ಣೇ. ನಡುವ ಏನು ಬದಲಾತು, ಹೇಳು ನೋಡೂನು."

ಕಂಪೌಂಡರರು ಎದ್ದು ಹೊರಗೆ ಹೋದರು. ಆ ಮನುಷ್ಯನಿಗೆ ಅಷ್ಟು ಮರ್ಯಾದೆ ಇತ್ತು. ನಾನು ಎಲ್ಲವನ್ನೂ ಹೇಳಿಬಿಟ್ಟೆ, ಹೊರಕಡೆಯ ಕಪ್ಪು, ನಾನು ಮನಸ್ಸಿನಲ್ಲೇ ಮಾಡಿಕೊಂಡಿದ್ದ ಪಟ್ಟಿ, ಕೊನೆಗೆ ಅಕ್ಕನ ಮಾತು ಕೂಡ. ಬೇಕೆಂದು ಸುಳ್ಳು ಬರೆಯಲಿಲ್ಲ ಎಂದು ಆಣೆ ಮಾಡಿದೆ. ಅದು ಅವರಿಗೂ ಗೊತ್ತಿತ್ತು. ಬೇಕೆಂದು ಬರೆಯುವವರನ್ನು ಹಿಡಿಯುವುದು ಸುಲಭ, ಗೊತ್ತಿಲ್ಲದೆ ಬರೆಯುವವರಿಗಾಗಿಯೇ ಇಷ್ಟೆಲ್ಲ ಮುಚ್ಚುಮರೆ ಮಾಡುವುದು ಎಂದರು. ಆದರೆ ಹೊರಕಡೆ ಕಪ್ಪಾಗುವ ಮಾತು ತಮಗೂ ಮೊದಲೇ ಹೊಳೆಯಬೇಕಿತ್ತು ಎಂದು ತಮ್ಮನ್ನೂ ಬೈದುಕೊಂಡರು.

ಕಬ್ಬಿಣ ಸಿಕ್ಕಿದ್ದರೆ ರಕ್ತ ಹೀಗೇಕೆ ಇಳಿಯಿತು ಎಂದು ನನಗೆ ತಿಳಿಯದೆ ಹೋಯಿತು. ಡಾಕ್ಟರಬಾಯಿ ಹೊರಗೆ ಕೂತಿದ್ದ ದಂಡೋತಿಯವಳ ಅತ್ತೆಯನ್ನು ಕರೆದು, ಸೊಸೆ ಏನೇನು ತಿನ್ನುತ್ತಾಳೆಂದು ಕೇಳಿದರು. ರೊಟ್ಟಿ, ಬ್ಯಾಳಿ, ಪುಂಡಿಪಲ್ಯ ಎಂದು ಶುರುಮಾಡಿದ ಮುದುಕಿ ಆಮೇಲೆ ನಕ್ಕಳು.

"ಬಸರಿ ಬಯಕಿ ನೋಡ್ರಿ ಬಾಯಾರ, ಒಲಿಯಾಗಿನ ಇದ್ದಲಿ ಅಂದ್ರ ಜೀವ ಬಿಡ್ತಾಳ. ಬ್ಯಾಡ ಅನಬಾರದು ಅಂತ ನಾನೇ ದಿನಾ ಆರಿಸಿ, ತೊಳದು ಕೊಡ್ಲಿಕತ್ತೀನಿ."

ಆ ಕಪ್ಪು ಕಬ್ಬಿಣದ್ದಲ್ಲ, ಇದ್ದಿಲಿನದು. ಬಸುರಿಯರು ಮಣ್ಣು, ಬೂದಿ, ಇದ್ದಿಲು ತಿನ್ನುವುದನ್ನು ನಾನು ಚಿಕ್ಕಂದಿನಿಂದ ನೋಡಿದವಳು. ನಮ್ಮ ಅಕ್ಕನಿಗೂ ಗೋಡೆಯ ಮಣ್ಣು ಕೆರೆದು ಕೊಟ್ಟವಳು ನಾನೇ. ರಕ್ತ ಕಡಿಮೆಯಾದವರಿಗೆ ಇಂಥ ಆಸೆ ಹುಟ್ಟುವುದುಂಟು ಎಂದು ಡಾಕ್ಟರಬಾಯಿ ಆವತ್ತು ಹೇಳಿದರು. ನಾನು ಬಾಗಿಲ ಹೊಸ್ತಿಲ ಮೇಲೆ ಕೂತೆ. ಅವಳಿಗೆ ರಕ್ತವಿಲ್ಲ ಎಂದು ಅವಳ ಮೈ ಕೂಗಿ ಹೇಳಿದ್ದನ್ನು ನಾನು ಗುಣವಾಗುತ್ತಿದೆ ಎಂದು ಓದಿಕೊಂಡಿದ್ದೆ.

ಅವಳ ಬಾಟಲಿ ಆವತ್ತೇ ನಿಂತಿತು. ಒಳಗೆ ಯಾವ ಗುಳಿಗೆ ಇತ್ತೆಂದು ಕೇಳುವ ಅಗತ್ಯವೇ ಇರಲಿಲ್ಲ, ಕಬ್ಬಿಣ ನೇರವಾಗಿ ಶುರುವಾಯಿತು. ನಳಿಗೆ ಓದುವ ಕೆಲಸ ಕಂಪೌಂಡರರಿಗೆ ಹೋಯಿತು. ಪ್ರತಿ ತಿಂಗಳು ಅವರು ಎಲೆಯಡಿಕೆ ಅಗಿಯುತ್ತ ಬರುತ್ತಿದ್ದರು, ಯಾರನ್ನೂ ನೋಡದೆ, ಯಾರನ್ನೂ ಮಾತಾಡಿಸದೆ ಬರೀ ಗುರುತಿನ ನಳಿಗೆಗಳನ್ನು ಓದಿ ಹೋಗುತ್ತಿದ್ದರು. ನಾನು ಬೆರಳು ಚುಚ್ಚಿ ಹತ್ತಿ ಒತ್ತುತ್ತಿದ್ದೆ. ನನ್ನ ನಡುಗಾಲದ ಓದುಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಡಾಕ್ಟರಬಾಯಿ ವರದಿಯಲ್ಲಿ ಬರೆದರು, ಯಾಕೆಂಬುದನ್ನೂ ಬರೆದರು. ಬರೆದದ್ದನ್ನು ನನಗೆ ಓದಲು ಕೊಟ್ಟರು.

ದಂಡೋತಿಯವಳು ನಮ್ಮ ದವಾಖಾನೆಯಲ್ಲೇ ಹೆತ್ತಳು. ರಕ್ತ ಹೋಯಿತು, ಆದರೆ ನಿಂತಿತು. ಮೂರನೇ ದಿನ ನಾನು ಅವಳ ಮಂಚ ಬಿಟ್ಟು ಕದಲಲಿಲ್ಲ. ನಾಲ್ಕನೇ ದಿನ ಅವಳು ಎದ್ದು ಕೂತು ಗಂಜಿ ಕೇಳಿದಳು.

ಕೊನೆಯವಳ ಹೆರಿಗೆಯಾದ ಮೇಲೆ ಪಟ್ಟಿ ಬಂತು. ಮೊಹರು ಒಡೆದು ಎರಡು ಗುಂಪು ಮಾಡಿ ಕೂಡಿಸಿ ನೋಡಿದೆವು. ಕಬ್ಬಿಣದ ಗುಂಪು ಮೇಲಿತ್ತು, ಚೀಟಿಯ ಆಟದಿಂದಷ್ಟೇ ಬರಲಾರದಷ್ಟು ಮೇಲಿತ್ತು. ದಂಡೋತಿಯವಳ ನಂಬರು ಬರಿ ಗುಳಿಗೆಯ ಗುಂಪಿನಲ್ಲಿತ್ತು. ನಡುವೆ ಚಿಕಿತ್ಸೆ ಸಿಕ್ಕಿದ್ದರೂ ಅವಳನ್ನು ಚೀಟಿ ಹಾಕಿದ ಗುಂಪಿನಲ್ಲೇ ಎಣಿಸಬೇಕೆಂದರು ಡಾಕ್ಟರಬಾಯಿ. ಇಲ್ಲದಿದ್ದರೆ ಮತ್ತೆ ಸೋತವರನ್ನು ಆರಿಸಿ ಬೇರೆ ಮಾಡಿದಂತಾಗುತ್ತದಂತೆ. ಹಾಗೇ ಎಣಿಸಿದೆವು. ವರದಿ ಹೈದರಾಬಾದಿಗೆ ಹೋಯಿತು. ಗುಳಿಗೆಗಳು ಬಂದವು, ತಡವಾಗಿ, ಕೇಳಿದ್ದಕ್ಕಿಂತ ಕಡಿಮೆ, ಆದರೂ ಬಂದವು.

ಮರುವರ್ಷದ ಸಂತೆಯಲ್ಲಿ ದಂಡೋತಿಯವಳು ಕೂಸನ್ನು ಸೊಂಟದ ಮೇಲೆ ಹೊತ್ತು ಎದುರಾದಳು. ನಾವು ನಿಲ್ಲಿಸಿದ್ದ ಹಳೆಯ ಬಾಟಲಿಯನ್ನು ಜೋಪಾನವಾಗಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ತಳದಲ್ಲಿ ಒಂದಿಷ್ಟು ಕೆಂಪು ಗುಳಿಗೆಗಳು ಉಳಿದಿದ್ದವು.

"ಈ ಗುಳಿಗಿ ಭಾಳ ಛಲೋ ಅವ ಬಾಯಾರ," ಎಂದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. "ನನ್ನ ಜೀವ ಉಳಸ್ಯಾವ. ನಮ್ಮ ನೆಗೆಣ್ಣಿ ಈಗ ಬಸರಿ ಅದಾಳ, ಉಳದದ್ದು ಆಕಿಗಿ ಕೊಡ್ಲಿ ಏನ್ರಿ?"

ನಾನು ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. ನೆಗೆಣ್ಣಿಯನ್ನು ನಾಳೆಯೇ ಕರೆದುಕೊಂಡು ಬಾ ಎಂದೆ. ಮತ್ತೆ, ಅವಳು ಏನು ತಿನ್ನುತ್ತಾಳೆ ಎಂದು ಕೇಳಿದೆ.